ಗ್ಯಾಸ್ ಕಿಟ್ ಹಾಕಿದ ಕಾರು ಹಿಂದೆ ತೂಗಾಡುತ್ತದಾ? ಗಾಳಿ ನೋಡುವ ಮೊದಲು ತೂಕ ನೋಡಿ

ಬದಿಯಡ್ಕದ ಹತ್ತಿರ ನನ್ನದೊಂದು ಟಯರ್ ಅಂಗಡಿ ಇದೆ. ಪಂಕ್ಚರ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡುತ್ತೇನೆ. ಸಿಎನ್‌ಜಿ ಹಾಕಿಸಿದ ಸಣ್ಣ ಕಾರುಗಳು ಈಚೆಗೆ ಜಾಸ್ತಿ ಬರುತ್ತಿವೆ. ಬರುವವರ ದೂರು ಹೆಚ್ಚಾಗಿ ಒಂದೇ ಥರ: ತಿರುವಿನಲ್ಲಿ ಹಿಂಭಾಗ ತೂಗಾಡುತ್ತದೆ, ಹಿಂದಿನ ಟಯರ್ ಬೇಗ ಸವೆಯುತ್ತದೆ, ಗಾಳಿ ಮಾತ್ರ ಸರಿ ಇದೆ. ಈ ಕೊನೆಯ ಮಾತಿನಲ್ಲೇ ದೋಷ ಅಡಗಿರುತ್ತದೆ. ಅದನ್ನು ಹುಡುಕುವ ಕ್ರಮವನ್ನು ಒಂದು ಕಾರಿನ ಲೆಕ್ಕ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಕಾರು ನಮ್ಮೂರಿನ ಒಬ್ಬರು ಮಾಷ್ಟ್ರದ್ದು. ಪೆಟ್ರೋಲ್ ಹ್ಯಾಚ್‌ಬ್ಯಾಕ್, ಆಮೇಲೆ ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದ್ದು. ಅವರದ್ದೊಂದು ಹವ್ಯಾಸಿ ಯಕ್ಷಗಾನ ತಂಡ ಉಂಟು. ಆಟ ಇದ್ದ ದಿನ ಐದು ಜನ ಒಂದೇ ಕಾರಿನಲ್ಲಿ ಹೊರಡುತ್ತಾರೆ. ಮೊದಲು ವೇಷದ ಪೆಟ್ಟಿಗೆ ಡಿಕ್ಕಿಯಲ್ಲಿ ಹೋಗುತ್ತಿತ್ತು. ಸಿಲಿಂಡರ್ ಬಂದು ಡಿಕ್ಕಿ ಹಿಡಿದ ಮೇಲೆ ಪೆಟ್ಟಿಗೆಗೆ ಜಾಗ ಇಲ್ಲದಾಯಿತು. ಮಾಡಿನ ಮೇಲೆ ಕ್ಯಾರಿಯರ್ ಕೂರಿಸಿದರು. ಪೆಟ್ಟಿಗೆ, ಚೆಂಡೆ, ಮದ್ದಳೆ ಎಲ್ಲ ಮೇಲೇರಿತು. ನಾನು ನೋಡಿದ ಹಾಗೆ ಇದು ಎಲ್ಲರ ಮನೆಯಲ್ಲೂ ನಡೆಯುತ್ತದೆ. ಸಿಲಿಂಡರ್ ಮತ್ತು ಕ್ಯಾರಿಯರ್ ಬೇರೆ ಬೇರೆ ತೊಂದರೆ ಅಲ್ಲ, ಒಂದು ಬಂದರೆ ಅದರ ಹಿಂದೆಯೇ ಇನ್ನೊಂದು ಬರುತ್ತದೆ.

ಮಾಷ್ಟ್ರು ಹೇಳಿದ್ದು ಇಷ್ಟು: "ಗಾಳಿ ಮೂವತ್ತು ಸರಿಯಾಗಿ ಉಂಟು ಮಾರಾಯ. ಪ್ರತಿ ವಾರ ಪಂಪಿನಲ್ಲಿ ನೋಡ್ತೇನೆ. ಆದ್ರೂ ಪೆರ್ಲದಿಂದ ಅಡ್ಕಸ್ಥಳಕ್ಕೆ ಹೋಗುವ ತಿರುವಿನಲ್ಲಿ ಹಿಂದೆ ಬಾಲ ಆಡಿಸ್ತದೆ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿಯೂ ಆಯ್ತು."

ಮೊದಲು ಸವೆತ ಓದಿ

ಕಾರನ್ನು ಎತ್ತುವ ಮೊದಲು ಹಿಂದಿನ ಟಯರಿನ ಮೇಲೆ ಅಡ್ಡಕ್ಕೆ ಅಂಗೈ ಸವರಿದೆ. ನಡುವಿನ ಗೀರು ಆಳವಾಗಿತ್ತು, ಎರಡೂ ಅಂಚು ಚಪ್ಪಟೆಯಾಗಿತ್ತು. ಅಳತೆ ಕಡ್ಡಿ ಇಳಿಸಿ ನೋಡಿದರೆ ನಡುವೆ 5 ಮಿ.ಮೀ., ಅಂಚುಗಳಲ್ಲಿ 3. ಎಡದ ಟಯರಿನಲ್ಲೂ ಹಾಗೆ, ಬಲದಲ್ಲೂ ಹಾಗೆ.

ಇದು ಅಲೈನ್‌ಮೆಂಟ್ ದೋಷದ ಗುರುತಲ್ಲ. ಅಲೈನ್‌ಮೆಂಟ್ ತಪ್ಪಿದ್ದರೆ ಒಂದೇ ಅಂಚು ಸವೆಯುತ್ತದೆ, ಅಥವಾ ಕೈ ಸವರಿದಾಗ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಾಗೆ ತಾಗುತ್ತದೆ. ಇಂಥ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಒಂದೇ ತುಂಡಿನ ಬೀಮ್ ಇರುತ್ತದೆ. ಅಲ್ಲಿ ತಿರುಗಿಸಿ ಸರಿಮಾಡುವ ಬೋಲ್ಟೇ ಇಲ್ಲ. ಮಾಷ್ಟ್ರು ಎರಡು ಸಲ ಕೊಟ್ಟ ದುಡ್ಡು ಮುಂದಿನ ಚಕ್ರಗಳಿಗಷ್ಟೇ ಹೋಗಿತ್ತು. ಗಾಳಿ ಜಾಸ್ತಿಯಾಗಿದ್ದರೆ ನಡುಭಾಗ ಸವೆಯಬೇಕಿತ್ತು. ಎರಡೂ ಅಂಚು ಒಟ್ಟಿಗೆ ಸವೆದಿದೆ ಎಂದರೆ ಟಯರ್ ಹೊರುವ ತೂಕಕ್ಕೆ ಅದರೊಳಗಿನ ಗಾಳಿ ಸಾಲುತ್ತಿಲ್ಲ ಎಂದೇ ಅರ್ಥ. ಎರಡು ಚಕ್ರದಲ್ಲೂ ಸಮನಾಗಿ ಇದ್ದದ್ದರಿಂದ ಸಣ್ಣ ಪಂಕ್ಚರೋ ವಾಲ್ವ್ ಸೋರಿಕೆಯೋ ಕಾರಣ ಅಲ್ಲ. ಸೋರಿಕೆ ಹೆಚ್ಚಾಗಿ ಒಂದು ಚಕ್ರದ ಕಾಯಿಲೆ.

ಹಾಗಾದರೆ ವಾರ ವಾರ ನೋಡುವ ಮೂವತ್ತು ಎಲ್ಲಿ ಹೋಯಿತು?

ಪಂಪಿನ ಮೂವತ್ತು, ಮನೆಯ ಇಪ್ಪತ್ತೇಳು

ಮರುದಿನ ಬೆಳಿಗ್ಗೆ, ಕಾರು ಅಲುಗಾಡಿಸುವ ಮೊದಲು, ನನ್ನ ಕೈಗೇಜ್ ತೆಗೆದುಕೊಂಡು ಅವರ ಮನೆಗೇ ಹೋದೆ. ಹಿಂದಿನ ಎರಡೂ ಟಯರ್ 27 ತೋರಿಸಿದವು.

ಮಾಷ್ಟ್ರ ಮನೆಯಿಂದ ಪಂಪಿಗೆ 12 ಕಿಲೋಮೀಟರ್. ಅಷ್ಟು ದೂರ ಓಡಿದ ಟಯರ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿ ಒತ್ತಡ 3-4 ಪಿಎಸ್‌ಐ ಮೇಲೇರಿರುತ್ತದೆ. ಬಿಸಿ ಟಯರಿಗೆ 30 ಇಟ್ಟರೆ ತಣಿದ ಮೇಲೆ ಅದು 27ಕ್ಕೋ 26ಕ್ಕೋ ಇಳಿಯುತ್ತದೆ. ಬಾಗಿಲಿನ ಸ್ಟಿಕ್ಕರಿನಲ್ಲಿ ಬರೆದಿರುವ ಅಂಕೆ ತಣ್ಣಗಿನ ಟಯರಿನದ್ದು. ತಣ್ಣಗೆ ಅಂದರೆ ಕಡಿಮೆಯೆಂದರೂ ಮೂರು ಗಂಟೆ ನಿಂತಿರಬೇಕು, ಅಥವಾ ಒಂದೆರಡು ಕಿಲೋಮೀಟರಿಗಿಂತ ಜಾಸ್ತಿ ಓಡಿರಬಾರದು. ಒಂದು ಬದಿಗೆ ಬಿಸಿಲು ಬಿದ್ದಿದ್ದರೂ ಲೆಕ್ಕ ತಪ್ಪುತ್ತದೆ. ಸುಮಾರು 6 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ 1 ಪಿಎಸ್‌ಐ ಏರಿಳಿಯುತ್ತದೆ.

ಪಂಪು ದೂರ ಇರುವವರಿಗೆ ಒಂದು ದಾರಿ ಹೇಳುತ್ತೇನೆ. ಬೆಳಿಗ್ಗೆ ಮನೆಯಲ್ಲಿ ಸ್ವಂತ ಗೇಜಿನಿಂದ ನೋಡಿ, ಎಷ್ಟು ಕಡಿಮೆ ಇದೆ ಎಂದು ಬರೆದಿಟ್ಟುಕೊಳ್ಳಿ. 3 ಕಡಿಮೆ ಇದ್ದರೆ ಪಂಪಿಗೆ ತಲುಪಿದಾಗ ಏನು ತೋರಿಸುತ್ತದೋ ಅದರ ಮೇಲೆ 3 ಸೇರಿಸಿ. ಬಿಸಿ ಟಯರಿನಿಂದ ಗಾಳಿ ಬಿಡುವ ಕೆಲಸ ಮಾತ್ರ ಬೇಡ.

ಇಷ್ಟಕ್ಕೆ ಅರ್ಧ ಕಾರಣ ಸಿಕ್ಕಿತು. ಇನ್ನರ್ಧಕ್ಕೆ ಬಂದರೆ, ಮಾಷ್ಟ್ರು ತಣ್ಣಗಿನ ಟಯರಿಗೆ ಸರಿಯಾಗಿ 30 ಹಾಕಿದ್ದರೂ ಆಟದ ದಿನ ಅದು ಸಾಲುತ್ತಿರಲಿಲ್ಲ.

ತೂಕ ಹೇರಿದರೂ ಗೇಜ್ ಹೇಳುವುದಿಲ್ಲ

ಇದನ್ನು ಅವರಿಗೆ ಅಂಗಳದಲ್ಲೇ ತೋರಿಸಿದೆ. ಖಾಲಿ ಕಾರಿನ ಹಿಂದಿನ ಎಡ ಟಯರಿಗೆ ಗೇಜ್ ಒತ್ತಿದೆ: 27. ರಿಮ್ಮಿನ ಅಂಚಿನಿಂದ ನೆಲಕ್ಕೆ ಸ್ಕೇಲ್ ಇಟ್ಟು ಗುರುತು ಹಾಕಿಕೊಂಡೆ. ಆಮೇಲೆ ಪೆಟ್ಟಿಗೆ ಮೇಲೆ ಕಟ್ಟಿ, ಮನೆಯವರೂ ಪಕ್ಕದ ಮನೆಯವರೂ ಸೇರಿ ಐದು ಜನ ಕೂತರು. ಮತ್ತೆ ಗೇಜ್ ಒತ್ತಿದೆ. ಮುಳ್ಳು ಕೂದಲೆಳೆಯಷ್ಟು ಜರುಗಿತು, ಅರ್ಧ ಪಾಯಿಂಟೂ ಇಲ್ಲ. ಆದರೆ ರಿಮ್ಮು 8 ಮಿ.ಮೀ.ಗಿಂತ ಜಾಸ್ತಿ ಕೆಳಗೆ ಇಳಿದಿತ್ತು. ಟಯರಿನ ಕೆನ್ನೆ, ಅಂದರೆ ಪಕ್ಕದ ಗೋಡೆ, ಬುಡದಲ್ಲಿ ಉಬ್ಬಿ ಹೊರಗೆ ಬಂದಿತ್ತು.

ತೂಕ ಹೇರಿದಾಗ ಟಯರಿನ ಬುಡ ಮಾತ್ರ ಚಪ್ಪಟೆಯಾಗುತ್ತದೆ, ಒಳಗಿನ ಒಟ್ಟು ಜಾಗ ನೂರಕ್ಕೆ ಒಂದರಷ್ಟು ಕಡಿಮೆಯಾದರೆ ಹೆಚ್ಚು. ಒತ್ತಡ ಏರುವುದಕ್ಕೆ ಅದು ಸಾಲದು. ಹೆಚ್ಚಿನ ತೂಕವನ್ನು ಟಯರ್ ಹೊರುವುದು ನೆಲಕ್ಕೆ ತಾಗುವ ಜಾಗವನ್ನು ದೊಡ್ಡದು ಮಾಡಿಕೊಂಡು. ಅದಕ್ಕಾಗಿ ಪ್ರತಿ ಸುತ್ತಿನಲ್ಲೂ ಕೆನ್ನೆ ಜಾಸ್ತಿ ಮಡಚಬೇಕು. ಮಡಚಿ ಬಿಚ್ಚಿ ಬಿಸಿಯಾಗುತ್ತದೆ, ಅಂಚುಗಳು ರಸ್ತೆಗೆ ಒತ್ತಿ ಸವೆಯುತ್ತವೆ, ತಿರುವಿನಲ್ಲಿ ಕೆನ್ನೆ ಪಕ್ಕಕ್ಕೆ ವಾಲಿ ಬಾಲ ಆಡಿಸಿದ ಹಾಗೆ ಅನಿಸುತ್ತದೆ.

ಅಂದರೆ ಗೇಜ್ ಹೇಳುವುದು ಒಳಗೆ ಎಷ್ಟು ಒತ್ತಡ ಇದೆ ಎಂದು ಮಾತ್ರ. ಎಷ್ಟು ಬೇಕು ಎಂದು ಹೇಳುವುದು ಮೇಲಿನ ತೂಕ. ಕಾರಿನೊಳಗೆ ಟಯರ್ ಒತ್ತಡದ ಎಚ್ಚರಿಕೆ ದೀಪ ಇದ್ದರೂ ಇದೇ ಕತೆ. ಅದು ಗಾಳಿ ಇಳಿದರೆ ಕೂಗುತ್ತದೆ, ತೂಕ ಏರಿದರೆ ಕೂಗುವುದಿಲ್ಲ.

ವೇ ಬ್ರಿಡ್ಜಿನಲ್ಲಿ ಹಿಂದಿನ ಎರಡು ಚಕ್ರ

ಕೆಂಪುಕಲ್ಲಿನ ಲಾರಿಗಳು ತೂಕ ಹಾಕಿಸುವ ವೇ ಬ್ರಿಡ್ಜಿಗೆ ಕಾರು ತೆಗೆದುಕೊಂಡು ಹೋದೆವು. ಕೇಳಬೇಕಾದದ್ದು ಇಷ್ಟೇ: ಮುಂದಿನ ಚಕ್ರಗಳು ಮಾತ್ರ ಹಲಗೆಯ ಮೇಲಿರುವಾಗ ಒಂದು ತೂಕ, ಹಿಂದಿನವು ಮಾತ್ರ ಇರುವಾಗ ಇನ್ನೊಂದು. ಹಲಗೆ ಮತ್ತು ನೆಲ ಒಂದೇ ಮಟ್ಟದಲ್ಲಿರಬೇಕು, ಬ್ರೇಕ್ ಒತ್ತಿ ಹಿಡಿಯಬಾರದು. ಲಾರಿ ತೂಗುವ ಯಂತ್ರ 5 ಅಥವಾ 10 ಕೆ.ಜಿ. ಮೆಟ್ಟಿಲಿನಲ್ಲಿ ತೋರಿಸುತ್ತದೆ, ಹಾಗಾಗಿ ಕಿಲೋ ಕಿಲೋ ಲೆಕ್ಕಕ್ಕೆ ಜಗಳ ಬೇಡ.

ಜನ ಇಲ್ಲದೆ, ಮೇಲೆ ಸಾಮಾನೂ ಇಲ್ಲದೆ ಹಿಂದಿನ ಆಕ್ಸಲಿನ ಮೇಲೆ 410 ಕೆ.ಜಿ. ಆಟದ ದಿನದ ಹಾಗೆ ಐದು ಜನ, ಕ್ಯಾರಿಯರ್, ಪೆಟ್ಟಿಗೆ, ಒಂದು ಬ್ಯಾಗು ಎಲ್ಲ ಸೇರಿಸಿದರೆ ಹಿಂದೆ 705, ಮುಂದೆ 630. ಒಟ್ಟು 1335. ಅವರ ಆರ್‌ಸಿಯಲ್ಲಿ ಗರಿಷ್ಠ ಒಟ್ಟು ತೂಕ 1340 ಎಂದಿತ್ತು. ಒಟ್ಟು ತೂಕದ ಮಿತಿ ದಾಟಿರಲಿಲ್ಲ. ಅದೇ ನೋಡಿ ಮೋಸ ಮಾಡುವುದು.

ಈಗ ಟಯರಿನ ಕಡೆ ಬನ್ನಿ. ಅವರ ಟಯರಿನ ಕೆನ್ನೆಯ ಮೇಲೆ 155/65 ಆರ್14 75ಟಿ ಎಂದಿತ್ತು. ಕೊನೆಯ 75 ತೂಕದ ಸಂಕೇತ, ಅಂದರೆ ಒಂದು ಟಯರಿಗೆ ಗರಿಷ್ಠ 387 ಕೆ.ಜಿ. ಎರಡು ಟಯರಿಗೆ 774. 705ಕ್ಕೆ ಬೇಕಾದಷ್ಟಾಯಿತು ಅಂತ ಅನಿಸುತ್ತದೆ ಅಲ್ವಾ? ಆದರೆ ಆ 387 ಸಿಗುವುದು ಒಳಗೆ ಸುಮಾರು 36 ಪಿಎಸ್‌ಐ ಇದ್ದಾಗ ಮಾತ್ರ. ಗಾಳಿ ಇಳಿದ ಹಾಗೆ ಹೊರುವ ಶಕ್ತಿಯೂ ಇಳಿಯುತ್ತದೆ. ಟಯರ್ ಲೆಕ್ಕದಲ್ಲಿ ಬಳಸುವ ಅಂದಾಜಿನ ಸೂತ್ರದಿಂದ ನೋಡಿದರೆ ಇದೇ ಟಯರ್ 30ರಲ್ಲಿ ಸುಮಾರು 334 ಕೆ.ಜಿ., 27ರಲ್ಲಿ 307 ಕೆ.ಜಿ. ಹೊರುತ್ತದೆ. ಅಂದರೆ 30 ಹಾಕಿದ್ದರೆ ಎರಡಕ್ಕೆ 668, ಮಾಷ್ಟ್ರು ನಿಜವಾಗಿ ಓಡಿಸುತ್ತಿದ್ದ 27ರಲ್ಲಿ 614. ಹೊರಿಸಿದ್ದು 705. ಒಬ್ಬ ದೊಡ್ಡ ಆಳಿಗಿಂತ ಜಾಸ್ತಿ ತೂಕ ಹಿಂದಿನ ಟಯರುಗಳ ಶಕ್ತಿಯನ್ನು ಮೀರಿತ್ತು.

ಕಿಟ್ ಹಾಕುವ ಮೊದಲು ಇದೇ ಕಾರು ಇದೇ ಜನರನ್ನು ಹೊತ್ತು ತೊಂದರೆ ಕೊಡದೆ ಓಡಿತ್ತಲ್ಲ, ಯಾಕೆ? ಸಿಲಿಂಡರ್, ಅದರ ಬ್ರಾಕೆಟ್, ಗ್ಯಾಸ್ ಸೇರಿ ಡಿಕ್ಕಿಯಲ್ಲಿ ಸುಮಾರು 70 ಕೆ.ಜಿ. ಆಗಿತ್ತು. ಸಿಲಿಂಡರಿನ ಖಾಲಿ ತೂಕ ಅದರ ಕುತ್ತಿಗೆಯ ಹತ್ತಿರ ಕೊರೆದಿರುತ್ತದೆ, ನೋಡಿಕೊಳ್ಳಿ. ಇದು ಹಿಂದಿನ ಆಕ್ಸಲಿನ ನೇರ ಮೇಲೆ ಕೂತಿಲ್ಲ, ಅದರಿಂದ 30 ಸೆಂಟಿಮೀಟರ್ ಹಿಂದೆ ಕೂತಿದೆ. ಎರಡು ಆಕ್ಸಲ್ ನಡುವಿನ ದೂರ 240 ಸೆಂಟಿಮೀಟರ್. ಏತದ ಹಾಗೆ ಹಿಂದಿನ ಚಕ್ರ ಊರುಗಾಲಾಗಿ ಮುಂಭಾಗವನ್ನು ಸ್ವಲ್ಪ ಎತ್ತುತ್ತದೆ. 70ರ ಎಂಟನೆಯ ಒಂದು ಭಾಗ, ಸುಮಾರು 9 ಕೆ.ಜಿ., ಮುಂದಿನಿಂದ ಹಿಂದಕ್ಕೆ ಬರುತ್ತದೆ. ಹಾಗಾಗಿ ಹಿಂದಿನ ಟಯರಿಗೆ ಬಿದ್ದದ್ದು 79, ಮುಂದೆ 9 ಕಡಿಮೆಯಾಯಿತು. ಈ 79 ಕಳೆದರೆ 705 ಹೋಗಿ 626 ಆಗುತ್ತದೆ, ಅದು 30 ಪಿಎಸ್‌ಐಯ 668ರ ಒಳಗೇ ಇದೆ.

ಇನ್ನೊಂದು ಮಾತು. ಸಿಲಿಂಡರಿನಲ್ಲಿ ಗ್ಯಾಸ್ ತೂಗುವುದು 8-9 ಕೆ.ಜಿ. ಮಾತ್ರ, ಉಳಿದದ್ದೆಲ್ಲ ಉಕ್ಕು. "ಗ್ಯಾಸ್ ಖಾಲಿ ಇತ್ತು, ಕಾರು ಹಗುರ ಇತ್ತು" ಎನ್ನುವವರಿದ್ದಾರೆ. ಹಗುರ ಆಗುವುದಿಲ್ಲ. ಆ ತೂಕ ಇಳಿದು ಹೋಗುವ ಪ್ರಯಾಣಿಕನಲ್ಲ.

ಎಷ್ಟು ಹಾಕಬೇಕು

ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಮಾಷ್ಟ್ರ ಕಾರಿನಲ್ಲಿ ಎರಡು ಸಾಲಿತ್ತು. ಮೂರು ಜನದವರೆಗೆ ಮುಂದೆ 32, ಹಿಂದೆ 30. ತುಂಬಿದ ಕಾರಿಗೆ ಮುಂದೆ 33, ಹಿಂದೆ 36. ಅವರು ಎಂಟು ವರ್ಷ ಮೇಲಿನ ಸಾಲನ್ನು ಮಾತ್ರ ನೋಡಿದ್ದರು. ಹೊರಗೆ ಕಿಟ್ ಹಾಕಿದಾಗ ಈ ಸ್ಟಿಕ್ಕರನ್ನು ಯಾರೂ ಬದಲಾಯಿಸುವುದಿಲ್ಲ. ಅದು ಇನ್ನೂ ಪೆಟ್ರೋಲ್ ಕಾರಿನ ಮಾತನ್ನೇ ಹೇಳುತ್ತಿರುತ್ತದೆ.

ನಾನು ಹೇಳುವ ಲೆಕ್ಕ ಸುಲಭದ್ದು. ಕಿಟ್ ಅಂದರೆ ಹಿಂದಿನ ಸೀಟಿನ ಆಚೆ ಯಾವಾಗಲೂ ಕೂತಿರುವ ಒಬ್ಬ ದೊಡ್ಡ ಮನುಷ್ಯ. ಅವನನ್ನು ಎಣಿಸಿ. ಇಬ್ಬರು ಹೊರಟರೆ ಮೂವರು, ಮೂವರು ಹೊರಟರೆ ನಾಲ್ವರು. ಅಂದರೆ ಮೂವರು ಕೂತ ಕೂಡಲೇ ಕೆಳಗಿನ ಸಾಲಿಗೆ ಬರಬೇಕು. ದಿನವೂ ಜನ ಬದಲಾಗುವ ಕಾರಾದರೆ ಹಿಂದಿನ ಟಯರಿಗೆ ಕೆಳಗಿನ ಸಾಲಿನ ಅಂಕೆಯನ್ನೇ ಕಾಯಂ ಇಡಿ. ಒಬ್ಬರೇ ಓಡಿಸುವಾಗ ಹಿಂದೆ ಸ್ವಲ್ಪ ಕುಲುಕಾಟ ಜಾಸ್ತಿ ಅನಿಸಬಹುದು, ಅಷ್ಟೇ.

ಸ್ಟಿಕ್ಕರಿನಲ್ಲಿ ಒಂದೇ ಅಂಕೆ ಇದ್ದರೆ ಅದೇ ಮಾದರಿಯ ಕಂಪನಿ ಸಿಎನ್‌ಜಿ ಕಾರು ಹುಡುಕಿ. ಟಯರ್ ಅಳತೆ ಮತ್ತು ತೂಕದ ಸಂಕೇತ ಎರಡೂ ಒಂದೇ ಆಗಿದ್ದರೆ ಅದರ ಸ್ಟಿಕ್ಕರಿನ ಅಂಕೆ ನಿಮಗೂ ಹೊಂದುತ್ತದೆ. ಟಯರಿನ ಕೆನ್ನೆಯ ಮೇಲೆ ಗರಿಷ್ಠ ಒತ್ತಡ ಎಂದು ಬರೆದಿರುವ ಅಂಕೆಯನ್ನು ಹಾಕಬೇಡಿ. ಅದು ದಾಟಬಾರದ ಗೆರೆ, ಓಡಿಸುವ ಅಂಕೆ ಅಲ್ಲ.

ಮುಂದಿನ ಟಯರಿಗೆ ಸ್ಟಿಕ್ಕರಿನ ಅಂಕೆಗಿಂತ ಜಾಸ್ತಿ ಹಾಕುವ ಕಾರಣವೇ ಇಲ್ಲ. ಗ್ಯಾಸ್ ಗಾಡಿ ಅಂತ ನಾಲ್ಕಕ್ಕೂ 40 ಹೊಡೆಸಿಕೊಂಡು ಬರುವವರನ್ನು ಕಂಡರೆ ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ. ಮುಂದಿನ ತೂಕ ಕಡಿಮೆಯಾಗಿದೆ, ಗಾಳಿ ಜಾಸ್ತಿಯಾಗಿದೆ, ನೆಲಕ್ಕೆ ತಾಗುವ ಜಾಗ ಕುಗ್ಗಿದೆ. ನಮ್ಮ ಜೂನ್ ಮಳೆಯಲ್ಲಿ ಆ ಕಾರಿನ ಬ್ರೇಕ್ ಒತ್ತಿದರೆ ಏನಾಗುತ್ತದೆ ಯೋಚಿಸಿ.

ಮಾಡಿನ ಮೇಲಿನದ್ದು ಗಾಳಿಯಿಂದ ಸರಿಯಾಗುವುದಿಲ್ಲ

ಕಾರಿನ ಕೈಪಿಡಿಯಲ್ಲಿ ಮಾಡಿನ ಮಿತಿ 50 ಕೆ.ಜಿ. ಎಂದಿತ್ತು. ಕ್ಯಾರಿಯರಿನ ಸ್ವಂತ ತೂಕವೂ ಅದರೊಳಗೇ ಬರಬೇಕು. ಮಾಷ್ಟ್ರು ಕಟ್ಟಿಸಿದ ಕಬ್ಬಿಣದ ಕ್ಯಾರಿಯರ್ ಒಂದೇ 16 ಕೆ.ಜಿ. ಪೆಟ್ಟಿಗೆ, ಚೆಂಡೆ, ಮದ್ದಳೆ ಸೇರಿ 62. ಒಟ್ಟು 78. ಟಯರಿಗೆ 36 ಹಾಕಿದರೆ 705 ಕೆ.ಜಿ. ಹೊರುತ್ತದೆ ನಿಜ, ಆದರೆ ಮಾಡಿನ 28 ಕೆ.ಜಿ. ಹೆಚ್ಚುವರಿ ಹಾಗೇ ಉಳಿಯುತ್ತದೆ. ಎತ್ತರದಲ್ಲಿರುವ ತೂಕ ತಿರುವಿನಲ್ಲಿ ಹೊರಗಿನ ಬದಿಗೆ ವಾಲುತ್ತದೆ. ಎಡಕ್ಕೆ ತಿರುಗಿದರೆ ಬಲಗಡೆಯ ಟಯರುಗಳ ಮೇಲೆ ಬೀಳುತ್ತದೆ. ವೇ ಬ್ರಿಡ್ಜಿನಲ್ಲಿ ನಿಂತ ಕಾರಿನ 705ನ್ನು ಅರ್ಧ ಅರ್ಧ ಅಂತ ಹಂಚಿದೆವಲ್ಲ, ತಿರುವಿನಲ್ಲಿ ಆ ಹಂಚಿಕೆ ನಿಲ್ಲುವುದಿಲ್ಲ.

ಆದ್ದರಿಂದ ಇಲ್ಲಿ ಪರಿಹಾರ ಇಳಿಸುವುದು ಮಾತ್ರ. ಪೆಟ್ಟಿಗೆಯಲ್ಲಿದ್ದ ಭಾರದ ಸಾಮಾನು ತೆಗೆದು ತಂಡದ ಇನ್ನೊಬ್ಬರ ಗಾಡಿಗೆ ಹಾಕಿದರು. ಮೇಲೆ 34 ಕೆ.ಜಿ.ಗಿಂತ ಜಾಸ್ತಿ ಇಡುವುದಿಲ್ಲ ಎಂದು ಒಪ್ಪಿದರು. ಹಿಂದಿನ ಆಕ್ಸಲ್ ತೂಕ ಸುಮಾರು 690ಕ್ಕೆ ಇಳಿಯಿತು.

ಸರಿಯಾಯಿತೋ ಇಲ್ಲವೋ

ಓಡಿಸಿಯೇ ತಿಳಿಯಬೇಕು. ತಣ್ಣಗಿರುವಾಗ ಅಳೆಯಿರಿ, ತುಂಬಿದ ಕಾರನ್ನು ಅರ್ಧ ಗಂಟೆ ಓಡಿಸಿ, ನಿಲ್ಲಿಸಿದ ಕೂಡಲೇ ಮತ್ತೆ ಅಳೆಯಿರಿ. ನನ್ನ ಅನುಭವದಲ್ಲಿ 3ರಿಂದ 5 ಏರಿದರೆ ಸರಿ. ಅದಕ್ಕಿಂತ ಜಾಸ್ತಿ ಏರಿದರೆ ಕೆನ್ನೆ ವಿಪರೀತ ಮಡಚುತ್ತಿದೆ, ಅಂದರೆ ತೂಕಕ್ಕೆ ಗಾಳಿ ಇನ್ನೂ ಕಡಿಮೆ. ಮಾಷ್ಟ್ರ ಹಳೆಯ ಸ್ಥಿತಿಯಲ್ಲಿ 27 ಇದ್ದದ್ದು ವಿಟ್ಲಕ್ಕೆ ತಲುಪುವಾಗ 34 ಆಗಿತ್ತು, ಏರಿಕೆ 7. ಕೆನ್ನೆಗೆ ಅಂಗೈ ಇಟ್ಟರೆ ಹೆಚ್ಚು ಹೊತ್ತು ಇಡಲಾಗುತ್ತಿರಲಿಲ್ಲ. ತೂಕ ಇಳಿಸಿ 36 ಹಾಕಿದ ಮೇಲೆ ಅದೇ ದಾರಿಯಲ್ಲಿ 40 ತೋರಿಸಿತು. ಏರಿಕೆ 4.

ಗಾಳಿ, ತೂಕ ಎರಡೂ ಸರಿಯಾಗಿ ಇನ್ನೂ ಹಿಂಭಾಗ ಕುಸಿದ ಹಾಗಿದ್ದರೆ ಸ್ಪ್ರಿಂಗ್ ಸೋತಿರಬಹುದು. ಖಾಲಿ ಕಾರಿನಲ್ಲಿ ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿಗೆ ಎಡ ಬಲ ಎರಡೂ ಅಳೆದು, ಕಿಟ್ ಇರುವ ಅದೇ ಮಾದರಿಯ ಇನ್ನೊಂದು ಕಾರಿನ ಜೊತೆ ಹೋಲಿಸಿ. ಹಳ್ಳ ಹಾರಿಸಿದಾಗ ಡಿಕ್ಕಿಯಿಂದ ಟಕ್ ಟಕ್ ಸದ್ದು ಬಂದರೆ ಶಾಕ್ ಅಬ್ಸಾರ್ಬರ್ ಬದಲಾಯಿಸುವ ಮೊದಲು ಸಿಲಿಂಡರಿನ ಪಟ್ಟಿ ಸಡಿಲವಾಗಿದೆಯಾ ಎಂದು ಕಿಟ್ ಹಾಕುವ ಪರವಾನಗಿ ಇರುವವರ ಹತ್ತಿರ ತೋರಿಸಿ. ಆ ಬೋಲ್ಟನ್ನು ನಾನು ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ. ಹೋದಾಗ ಮೂರು ವರ್ಷಕ್ಕೊಮ್ಮೆ ಆಗಬೇಕಾದ ಸಿಲಿಂಡರ್ ಪರೀಕ್ಷೆಯ ತಾರೀಕನ್ನೂ ನೋಡಿಸಿಕೊಳ್ಳಿ.

ಮಾಷ್ಟ್ರ ಹಿಂದಿನ ಟಯರಿನ ಒಳಗೋಡೆಯನ್ನೂ ಬಿಚ್ಚಿ ನೋಡಿದೆ. ಕಡಿಮೆ ಗಾಳಿಯಲ್ಲಿ ತೂಕ ಹೊತ್ತ ಟಯರಿನ ಒಳಗೆ ಕೆನ್ನೆಯ ಸುತ್ತ ಕಪ್ಪು ಪುಡಿ ಉದುರಿರುತ್ತದೆ, ಅಥವಾ ಸುಕ್ಕಿನ ಉಂಗುರ ಬಿದ್ದಿರುತ್ತದೆ. ಹಾಗೆ ಕಂಡರೆ ಮೇಲೆ ಎಷ್ಟೇ ಗೀರು ಉಳಿದಿರಲಿ, ಆ ಟಯರ್ ಬಿಸಾಡಬೇಕು. ಅವರದ್ದರಲ್ಲಿ ಬಲದ್ದು ಚೆನ್ನಾಗಿತ್ತು, ಎಡದ್ದರಲ್ಲಿ ಪುಡಿ ಇತ್ತು. ಹಿಂದಿನ ಎರಡನ್ನೂ ತೆಗೆಸಿ ಹೊಸದು ಹಾಕಿಸಿದರು.

ಕೊನೆಗೆ ಸ್ಟೆಪ್ನಿ ಕೇಳಿದೆ. ಸಿಲಿಂಡರಿನ ಅಡಿಯಲ್ಲಿ ಸಿಕ್ಕಿಕೊಂಡಿದ್ದರಿಂದ ಕಿಟ್ ಹಾಕಿದ ದಿನದಿಂದ ಯಾರೂ ನೋಡಿರಲಿಲ್ಲ. ಕಷ್ಟಪಟ್ಟು ಹೊರಗೆ ಎಳೆದು ಗೇಜ್ ಒತ್ತಿದರೆ 14. ಅದಕ್ಕೂ 36 ಹಾಕಿ, ವಾಲ್ವಿಗೆ ಸೋಪಿನ ನೀರು ಬಿಟ್ಟು ಗುಳ್ಳೆ ಬರುವುದಿಲ್ಲ ಎಂದು ನೋಡಿ, ಈಗ ಅದನ್ನು ಹಿಂದಿನ ಸೀಟಿನ ಬೆನ್ನಿಗೆ ಪಟ್ಟಿ ಬಿಗಿದು ನಿಲ್ಲಿಸಿದ್ದಾರೆ, ವಾಲ್ವ್ ಹೊರಕ್ಕೆ ಮುಖ ಮಾಡಿ.